ಸುತ್ತುವುದೋ, ಬೇರೆ ಊರಿಗೆ ಹೋಗುವುದೋ, ರದ್ದು ಮಾಡುವುದೋ: ಮಳೆ-ಗಾಳಿಯಲ್ಲಿ ವಿಮಾನದ ತೀರ್ಮಾನ

ಸಂಜೆ ಗುಡುಗು-ಮಳೆ ಶುರುವಾಗಿದೆ. ಒಂದು ವಿಮಾನ ಅರ್ಧ ಗಂಟೆ ಆಕಾಶದಲ್ಲೇ ಸುತ್ತಿ ಆಮೇಲೆ ಇಳಿಯಿತು. ಇನ್ನೊಂದು ಹತ್ತೇ ನಿಮಿಷ ಸುತ್ತಿ ಬೇರೆ ಊರಿಗೆ ಹೋಯಿತು. ಮೂರನೆಯದು ಹೊರಡಲೇ ಇಲ್ಲ. ಮೂರೂ ಅದೇ ನಿಲ್ದಾಣಕ್ಕೆ ಬರಬೇಕಾದವು, ಮೂರಕ್ಕೂ ಅದೇ ಮಳೆ. ಹೊರಗಿನಿಂದ ನೋಡಿದರೆ ಯಾರೋ ಸುಮ್ನೆ ಮನಸ್ಸಿಗೆ ಬಂದ ಹಾಗೆ ತೀರ್ಮಾನ ಮಾಡಿದಂತೆ ಕಾಣುತ್ತದೆ, ಅಲ್ವಾ?

ಆದರೆ ಇದರ ಹಿಂದೆ ಒಂದು ಲೆಕ್ಕ ಇದೆ. ಹವಾಮಾನ ಎಷ್ಟು ಜೋರಾಗಿದೆ ಅನ್ನುವುದಕ್ಕಿಂತ ಅದು ಎಷ್ಟು ಹೊತ್ತು ಇರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ಆ ಹೊತ್ತನ್ನು ವಿಮಾನದ ಬಳಿ ಉಳಿದಿರುವ ಹೊತ್ತಿನ ಜೊತೆ ಹೋಲಿಸುತ್ತಾರೆ. ಹಾರುತ್ತಿರುವ ವಿಮಾನಕ್ಕೆ ಹೊತ್ತು ಅಂದರೆ ಇಂಧನ. ನೆಲದ ಮೇಲಿರುವ ವಿಮಾನಕ್ಕೆ ಹೊತ್ತು ಅಂದರೆ ಪೈಲಟ್‌ಗಳ ಡ್ಯೂಟಿ ಗಂಟೆ. ಗುಡುಗು ಮೋಡ, ಮುಂಗಾರು ಮಳೆ, ಚಂಡಮಾರುತ ಈ ಮೂರೂ ಎಷ್ಟು ಹೊತ್ತು ಇರುತ್ತವೆ ಅನ್ನುವುದು ಬೇರೆ ಬೇರೆ. ಅದಕ್ಕೇ ಮೂರಕ್ಕೂ ಉತ್ತರ ಬೇರೆ.

ಗುಡುಗು ಮೋಡ: ಕಾಯಲು ಯೋಗ್ಯವಾದ ಶತ್ರು

ಒಂಟಿ ಗುಡುಗು ಮೋಡದ ಆಯಸ್ಸು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಮೊದಲು ಬಿಸಿ ಗಾಳಿ ಮೇಲೇರಿ ಮೋಡ ಬೆಳೆಯುತ್ತದೆ. ಆಮೇಲೆ ಮಳೆ, ಮಿಂಚು, ಗಾಳಿ ಎಲ್ಲ ಒಟ್ಟಿಗೆ ಬರುವ ಘಟ್ಟ. ಕೊನೆಗೆ ತಣ್ಣನೆ ಗಾಳಿ ಕೆಳಗಿಳಿದು, ಮೋಡಕ್ಕೆ ಬೇಕಾದ ಬಿಸಿಯನ್ನು ತಾನೇ ತಡೆದು, ಅದನ್ನು ಸಾಯಿಸುತ್ತದೆ.

ಪೈಲಟ್‌ಗಳು ಹೆಚ್ಚು ಹೆದರುವುದು ಮಧ್ಯದ ಘಟ್ಟದಲ್ಲಿ ನೆಲಕ್ಕೆ ಧಡಾರನೆ ಬೀಳುವ ಗಾಳಿಗೆ. ಇದನ್ನು ಮೈಕ್ರೋಬರ್ಸ್ಟ್ ಅನ್ನುತ್ತಾರೆ. ಅಗಲ 4 ಕಿಲೋಮೀಟರ್‌ಗಿಂತ ಕಡಿಮೆ, ಇರುವುದು ಕೆಲವೇ ನಿಮಿಷ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರು ಗಾಳಿ ಸಿಗುತ್ತದೆ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಮರುಕ್ಷಣ ಅದೇ ಗಾಳಿ ಹಿಂದಿನಿಂದ ಬೀಸಿ ವೇಗ ಕುಸಿಯುತ್ತದೆ. 1985ರ ಆಗಸ್ಟ್ 2ರಂದು ಅಮೆರಿಕದ ಡಲ್ಲಾಸ್-ಫೋರ್ಟ್ ವರ್ತ್ ನಿಲ್ದಾಣದಲ್ಲಿ ಇಳಿಯುತ್ತಿದ್ದ ಡೆಲ್ಟಾ 191 ಹೀಗೆಯೇ ಬಿತ್ತು. 130ಕ್ಕೂ ಹೆಚ್ಚು ಜನ ಸತ್ತರು. ಗುಡುಗು ಮೋಡ ರನ್‌ವೇಯ ಮೇಲೋ, ಇಳಿಯುವ ದಾರಿಯ ಮೇಲೋ ನಿಂತಿದ್ದರೆ ‘ಒಂದು ಸಲ ನೋಡೋಣ’ ಅನ್ನುವ ಮಾತು ಬರಬಾರದು ಅನ್ನುವುದು ಇದಕ್ಕೇ.

ಆದರೆ ಈ ಶತ್ರು ಬೇಗ ಹೋಗುತ್ತಾನೆ. ಹಾಗಾಗಿ ಕಾಯುವುದೇ ಮೊದಲ ಆಯ್ಕೆ. ಹವಾಮಾನ ಮುನ್ಸೂಚನೆಯಲ್ಲೂ ಇದನ್ನು ಓದಬಹುದು. ನಿಲ್ದಾಣಗಳಿಗೆ ಕೊಡುವ ಮುನ್ಸೂಚನೆಯಲ್ಲಿ ಇಂಥ ಸಾಲು ಇರುತ್ತದೆ:

```
TEMPO 1212/1216 1500 TSRA FEW030CB
```

12ನೇ ತಾರೀಖು ಅಂತರರಾಷ್ಟ್ರೀಯ ಸಮಯ 12 ಗಂಟೆಯಿಂದ 16 ಗಂಟೆಯೊಳಗೆ ಆಗಾಗ ಗುಡುಗು-ಮಳೆ, ಆಗ 1500 ಮೀಟರ್‌ವರೆಗೆ ಮಾತ್ರ ಕಣ್ಣಿಗೆ ಕಾಣುತ್ತದೆ, 3000 ಅಡಿಯಲ್ಲಿ ಗುಡುಗು ಮೋಡ ಅಂತ ಇದರ ಅರ್ಥ. ಇಲ್ಲಿ `TEMPO` ಅನ್ನುವುದನ್ನು ಗಮನಿಸಿ. ಪ್ರತಿ ಸಲ ಬಂದಾಗಲೂ ಒಂದು ಗಂಟೆಗಿಂತ ಕಡಿಮೆ ಇರುತ್ತದೆ, ಒಟ್ಟು ಸೇರಿಸಿದರೂ ಆ ಅವಧಿಯ ಅರ್ಧಕ್ಕಿಂತ ಕಡಿಮೆ ಅಂತ ಅದು ಹೇಳುತ್ತದೆ. ಕಂಪನಿಯಲ್ಲಿ ಹಾರಾಟದ ಯೋಜನೆ ಮಾಡುವ ಡಿಸ್ಪ್ಯಾಚರ್ ಇದನ್ನು ನೋಡಿ ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಸುತ್ತುವಷ್ಟು ಹೆಚ್ಚು ಇಂಧನ ಹಾಕಿಸುತ್ತಾರೆ. ಅದೇ ಜಾಗದಲ್ಲಿ `BECMG` ಇದ್ದರೆ ಹವಾಮಾನ ಬದಲಾಗಿ ಹಾಗೇ ಉಳಿಯುತ್ತದೆ ಅಂತ. ಆಗ ಕಾಯುವ ಇಂಧನದಿಂದ ಪ್ರಯೋಜನವಿಲ್ಲ, ಬೇರೆ ಯೋಜನೆ ಬೇಕು.

ಕಾಯುವುದೂ ಎರಡು ರೀತಿ. ಗಾಳಿಯಲ್ಲಿ ಸುತ್ತುವುದು ಒಂದು. ಹೊರಡುವ ನಿಲ್ದಾಣದಲ್ಲೇ, ಎಂಜಿನ್ ಶುರುಮಾಡದೆ ಕೂರುವುದು ಇನ್ನೊಂದು. ಎರಡನೆಯದೇ ಅಗ್ಗ, ಸುರಕ್ಷಿತ. ಪ್ರಯಾಣಿಕರು ಬೈಯುವುದೂ ಅದಕ್ಕೇ ಜಾಸ್ತಿ. ಆದರೆ ಇದು ಹತ್ತಿರದ ಊರುಗಳಿಂದ ಬರುವ ವಿಮಾನಗಳಿಗೆ ಮಾತ್ರ ಹೊಂದುತ್ತದೆ. ಏಳು ಗಂಟೆ ದೂರದಿಂದ ಬರುವ ವಿಮಾನ ಹೊರಟಾಗ ಆ ಮೋಡ ಹುಟ್ಟಿಯೇ ಇರುವುದಿಲ್ಲ. ಅದಕ್ಕೇ ಗುಡುಗಿನ ಸಂಜೆ ಹತ್ತಿರದ ವಿಮಾನಗಳು ನೆಲದಲ್ಲಿ ನಿಲ್ಲುತ್ತವೆ, ದೂರದವು ಆಕಾಶದಲ್ಲಿ ಸುತ್ತುತ್ತವೆ.

ಸುತ್ತುವುದಕ್ಕೆ ಎಷ್ಟು ಹೊತ್ತು ಇದೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಡೈವರ್ಟ್ ಮಾಡುವ, ಅಂದರೆ ಬೇರೆ ಊರಿಗೆ ಹೋಗಿ ಇಳಿಯುವ ತೀರ್ಮಾನ ಹುಟ್ಟುವುದು ಇಲ್ಲೇ.

ಒಂದು ಉದಾಹರಣೆ ಮಾಡಿಕೊಳ್ಳೋಣ. ಏರ್‌ಬಸ್ ಎ320 ವಿಮಾನ, ಹೋಗಬೇಕಾದ ನಿಲ್ದಾಣಕ್ಕೆ ಒಂದೇ ರನ್‌ವೇ. ಸಂಜೆ 6:00ಕ್ಕೆ ಸುತ್ತುವ ಜಾಗಕ್ಕೆ ಬಂದಿದೆ. ಟ್ಯಾಂಕಿನಲ್ಲಿ 4300 ಕೆಜಿ ಇಂಧನ. ಸುತ್ತುವಾಗ ನಿಮಿಷಕ್ಕೆ ಸುಮಾರು 40 ಕೆಜಿ ಉರಿಯುತ್ತದೆ ಅಂತ ಇಟ್ಟುಕೊಳ್ಳೋಣ. ಭಾಗಿಸಿದರೆ 107 ನಿಮಿಷ ಬರುತ್ತದೆ. ಬೇಕಾದಷ್ಟಿದೆ ಅನ್ನಿಸಬಹುದು. ಹಾಗಿಲ್ಲ.

ಮೊದಲು ಮುಟ್ಟಲೇಬಾರದ ಪಾಲನ್ನು ತೆಗೆದಿಡಬೇಕು. ಜೆಟ್ ವಿಮಾನ ಎಲ್ಲೇ ಇಳಿದರೂ 1500 ಅಡಿ ಎತ್ತರದಲ್ಲಿ ಇನ್ನೂ 30 ನಿಮಿಷ ಸುತ್ತುವಷ್ಟು ಇಂಧನ ಉಳಿದಿರಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಇದು ಕೊನೆಯ ಮೀಸಲು. ನಮ್ಮ ವಿಮಾನಕ್ಕೆ ಅದು 1150 ಕೆಜಿ. ಇಲ್ಲಿ ಇಳಿಯಲಾಗದಿದ್ದರೆ ಹೋಗಬೇಕಾದ ಬೇರೆ ನಿಲ್ದಾಣವನ್ನು ಆಲ್ಟರ್ನೇಟ್ ಅನ್ನುತ್ತಾರೆ. ಅಲ್ಲಿಗೆ ಹೋಗಲು 1700 ಕೆಜಿ ಬೇಕು. ಎರಡೂ ಸೇರಿ 2850. ಟ್ಯಾಂಕಿನ ಮುಳ್ಳು ಈ ಅಂಕಿಗೆ ಬಂದರೆ ಚರ್ಚೆ ಇಲ್ಲ, ಮೂಗು ಆಲ್ಟರ್ನೇಟ್ ಕಡೆ ತಿರುಗಬೇಕು.

ಈಗ ಉಳಿದದ್ದು 1450 ಕೆಜಿ, ಅಂದರೆ 36 ನಿಮಿಷ. ಇದರಲ್ಲೂ ಒಂದು ಕತ್ತರಿ ಇದೆ. ಸುತ್ತುವ ಜಾಗದಿಂದ ಕೆಳಗಿಳಿದು ರನ್‌ವೇ ಹತ್ತಿರ ಬರಲು ಸುಮಾರು 400 ಕೆಜಿ ಬೇಕು. ಹತ್ತಿರ ಬಂದು ರನ್‌ವೇ ಕಾಣದೆ ಮತ್ತೆ ಮೇಲೇರಬೇಕಾದರೂ ಆ ಹೊತ್ತಿಗೆ ಟ್ಯಾಂಕಿನಲ್ಲಿ 2850 ಇರಲೇಬೇಕು. ಹಾಗಾಗಿ ಒಂದು ಪ್ರಯತ್ನ ಮಾಡುವ ಆಸೆಯಿದ್ದರೆ ನಿಜವಾಗಿ ಸುತ್ತಲು ಇರುವುದು 26 ನಿಮಿಷ. 6:26ರೊಳಗೆ ಕೆಳಗಿಳಿಯಲು ಅನುಮತಿ ಸಿಗಬೇಕು.

ವಿಮಾನ ಸಂಚಾರ ನಿಯಂತ್ರಣ ಕೇಂದ್ರ, ಅಂದರೆ ಎಟಿಸಿ, ಹೇಳುತ್ತದೆ: ನಿಮ್ಮ ಸರದಿ 6:20ಕ್ಕೆ. ಸರಿ, ಕಾಯಬಹುದು. 6:12ಕ್ಕೆ ಮತ್ತೆ ಹೇಳುತ್ತದೆ: ಮೋಡ ಇನ್ನೂ ರನ್‌ವೇ ಮೇಲಿದೆ, ನಿಮ್ಮ ಸರದಿ 6:35. ಈಗ ಕ್ಯಾಪ್ಟನ್ ಮುಂದೆ ಎರಡು ದಾರಿ. ಮಿತಿ ಮುಗಿಯುವವರೆಗೆ ಕಾದು, ಅಷ್ಟರಲ್ಲಿ ಸರದಿ ಮುಂದಕ್ಕೆ ಬರಬಹುದು ಅಂತ ನಂಬುವುದು ಒಂದು. ಈಗಲೇ ಹೊರಡುವುದು ಇನ್ನೊಂದು.

ನನ್ನ ಪ್ರಕಾರ ಈಗಲೇ ಹೊರಡುವುದೇ ಜಾಣತನ. ಲೆಕ್ಕ ನೋಡಿ. 6:12ಕ್ಕೆ ಹೊರಟರೆ ಟ್ಯಾಂಕಿನಲ್ಲಿ 3820 ಇದೆ, ಆಲ್ಟರ್ನೇಟ್ ತಲುಪಿದಾಗ 2120 ಉಳಿಯುತ್ತದೆ. ಕೊನೆಯ ಮೀಸಲಿನ ಮೇಲೆ ಇನ್ನೂ 970 ಕೆಜಿ, ಅಂದರೆ ಸುಮಾರು 24 ನಿಮಿಷದ ಉಸಿರು. 6:36ರವರೆಗೆ ಕಾದು ಹೊರಟರೆ ಅಲ್ಲಿ ತಲುಪುವಾಗ ಬರೀ ಕೊನೆಯ ಮೀಸಲು. ಆದರೆ ಆ ಸಂಜೆ ಅಲ್ಲಿಗೆ ಹೋಗುವವರು ನೀವೊಬ್ಬರೇ ಅಲ್ಲ. ನಿಮ್ಮ ಮೇಲೆ ಕೆಳಗೆ 1000 ಅಡಿ ಅಂತರದಲ್ಲಿ ಸುತ್ತುತ್ತಿರುವ ಎಲ್ಲರ ಕಾಗದದಲ್ಲೂ ಅದೇ ಊರಿನ ಹೆಸರು ಇರಬಹುದು. ಎಲ್ಲರೂ ಒಟ್ಟಿಗೆ ಹೊರಟರೆ ಅಲ್ಲಿಯೂ ಸಾಲು. ವಿಮಾನ ನಿಲ್ಲಿಸುವ ಜಾಗ ತುಂಬಿದರೆ ಆ ನಿಲ್ದಾಣ ‘ಇನ್ನು ಬೇಡ’ ಅನ್ನಬಹುದು. ಆಗ ಮುಂದಿನ ನಿಲ್ದಾಣ ಇನ್ನೂ ದೂರ. ಆ ದೂರಕ್ಕೆ ನಿಮ್ಮ ಹತ್ತಿರ ಇಂಧನವಿಲ್ಲ.

ಬೇಗ ಹೋದವರಿಗೆ ಇನ್ನೊಂದು ಲಾಭ ಇದೆ. ಮೊದಲು ಇಳಿದವರಿಗೆ ಮೊದಲು ಇಂಧನದ ಲಾರಿ ಬರುತ್ತದೆ. ಎಷ್ಟೋ ಸಲ ಹತ್ತೇ ನಿಮಿಷ ಸುತ್ತಿ ಹೋದ ವಿಮಾನ, ಕೊನೆಯವರೆಗೆ ಸುತ್ತಿ ಹೋದ ವಿಮಾನಕ್ಕಿಂತ ಮೊದಲು ವಾಪಸ್ ಬರುತ್ತದೆ.

ಕೆಲವರು ಮೂರನೇ ದಾರಿಯನ್ನೂ ಹೇಳುತ್ತಾರೆ. ಆಲ್ಟರ್ನೇಟ್‌ಗೆ ಇಟ್ಟ 1700 ಕೆಜಿಯನ್ನೂ ಇಲ್ಲೇ ಸುತ್ತಲು ಬಳಸಿ, ಇಲ್ಲೇ ಇಳಿಯುವುದು. ನಿಯಮದಲ್ಲಿ ಇದಕ್ಕೆ ಜಾಗವಿದೆ. ಆದರೆ ಇಳಿಯುವುದು ಖಚಿತವಾಗಿರಬೇಕು. ಹವಾಮಾನ ಸ್ಪಷ್ಟವಾಗಿ ಸುಧಾರಿಸುತ್ತಿದ್ದು, ಎರಡು ರನ್‌ವೇ ಇದ್ದು, ಎಟಿಸಿ ಖಚಿತ ಸಮಯ ಕೊಟ್ಟಿದ್ದರೆ ಇದು ಒಳ್ಳೆಯ ಆಯ್ಕೆಯೇ. ಒಂದೇ ರನ್‌ವೇ, ಮೇಲೆ ಗುಡುಗು ಮೋಡ, ಸರಿಯುತ್ತಲೇ ಇರುವ ಸರದಿ ಇದ್ದಾಗ ಅಲ್ಲ. ನೀವು ಇಳಿಯುವ ಮುಂಚೆ ಇನ್ನೊಂದು ವಿಮಾನ ರನ್‌ವೇ ಮೇಲೆ ಟೈರ್ ಒಡೆದು ನಿಂತರೂ ಸಾಕು, ಎಲ್ಲ ದಾರಿ ಮುಚ್ಚಿತು.

ಕಾಯುವುದು ಕೈಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ 1990ರ ಜನವರಿ 25ರ ಏವಿಯಾಂಕಾ 052 ಸಾಕ್ಷಿ. ನ್ಯೂಯಾರ್ಕಿನ ಕೆಟ್ಟ ಹವಾಮಾನದಿಂದ ಆ ವಿಮಾನವನ್ನು ಮೂರು ಕಡೆ ಸೇರಿ 77 ನಿಮಿಷ ಸುತ್ತಿಸಿದರು. ಮೊದಲ ಸಲ ಇಳಿಯಲಾಗಲಿಲ್ಲ. ಎರಡನೇ ಪ್ರಯತ್ನಕ್ಕೆ ಮೊದಲೇ ಇಂಧನ ಮುಗಿದು ಬಿದ್ದು 73 ಜನ ಸತ್ತರು. ಇಂಧನ ಕಡಿಮೆಯಾಗುತ್ತಿದೆ, ಆದ್ಯತೆ ಬೇಕು ಅಂತ ಪೈಲಟ್‌ಗಳು ಹೇಳಿದ್ದರು. ಆದರೆ ತುರ್ತುಸ್ಥಿತಿ ಅಂತ ಘೋಷಿಸಿರಲಿಲ್ಲ. ಈಗ ಈ ಮಾತುಗಳಿಗೆ ಖಚಿತ ಅರ್ಥ ಇದೆ. ‘ಮಿನಿಮಮ್ ಫ್ಯೂಯಲ್’ ಅಂದರೆ ಇನ್ನು ತಡ ಮಾಡಿದರೆ ಕೊನೆಯ ಮೀಸಲಿಗೆ ಕೈ ಹಾಕಬೇಕಾಗುತ್ತದೆ ಅಂತ. ‘ಮೇಡೇ ಫ್ಯೂಯಲ್’ ಅಂದರೆ ಕೈ ಹಾಕುವುದು ಖಚಿತ, ಈಗಲೇ ದಾರಿ ಬಿಡಿ ಅಂತ.

ಹಾಗಿದ್ದರೆ ಎಲ್ಲ ವಿಮಾನಕ್ಕೂ ತುಂಬಾ ಇಂಧನ ಹಾಕಿ ಕಳಿಸಬಾರದಾ? ಕಳಿಸಬಹುದು, ಆದರೆ ಇಂಧನದ ಭಾರ ಹೊರಲೂ ಇಂಧನ ಬೇಕು. ಭಾರವಾದ ವಿಮಾನಕ್ಕೆ ನಿಲ್ಲಲು ಉದ್ದ ರನ್‌ವೇಯೂ ಬೇಕು. ಒದ್ದೆ ರನ್‌ವೇಯಲ್ಲಿ ಅದೇ ದೊಡ್ಡ ಸಮಸ್ಯೆ.

ಮುಂಗಾರು ಮಳೆ: ಇದು ಬೇರೆ ಆಟ

ಮುಂಗಾರಿನ ಮಳೆ ಒಂದು ಮೋಡದ ಕಥೆಯಲ್ಲ. ಅಲೆಅಲೆಯಾಗಿ ಬರುತ್ತದೆ, ಗಂಟೆಗಟ್ಟಲೆ ಸುರಿಯುತ್ತದೆ. ನಡುವೆ ಬಿಡುವು ಕೊಡುತ್ತದೆ, ಮತ್ತೆ ಬರುತ್ತದೆ. ಆದ್ದರಿಂದ ಇಲ್ಲಿ ‘ಯಾವಾಗ ಮುಗಿಯುತ್ತದೆ’ ಅಂತ ಯಾರೂ ಕೇಳುವುದಿಲ್ಲ. ‘ಮುಂದಿನ ಬಿಡುವು ಯಾವಾಗ’ ಅಂತ ಕೇಳುತ್ತಾರೆ.

ಇಲ್ಲಿ ಎರಡು ಮಿತಿಗಳು ಕೆಲಸ ಮಾಡುತ್ತವೆ. ಒಂದು ಕಣ್ಣಿಗೆ ಕಾಣುವ ದೂರ. ಸಾಮಾನ್ಯ ಉಪಕರಣಗಳಿರುವ ರನ್‌ವೇಗೆ ರನ್‌ವೇ ಮೇಲೆ ಕನಿಷ್ಠ 550 ಮೀಟರ್ ಕಾಣಬೇಕು. 200 ಅಡಿ ಎತ್ತರಕ್ಕೆ ಬಂದಾಗ ದೀಪಗಳೋ ರನ್‌ವೇಯೋ ಕಾಣದಿದ್ದರೆ ಮೇಲೇರಲೇಬೇಕು. ಇದೇ ಗೋ ಅರೌಂಡ್. ಹಲವು ಕಂಪನಿಗಳಲ್ಲಿ ಹವಾಮಾನದಿಂದ ಎರಡು ಸಲ ಹೀಗಾದರೆ ಮೂರನೇ ಪ್ರಯತ್ನ ಇಲ್ಲ, ಸ್ಥಿತಿ ನಿಜವಾಗಿ ಸುಧಾರಿಸಿದ್ದರೆ ಮಾತ್ರ ಉಂಟು.

ಎರಡನೆಯದು ರನ್‌ವೇ ಮೇಲಿನ ನೀರು. ಪ್ರಯಾಣಿಕರ ಗಮನಕ್ಕೆ ಬರುವುದು ಇದೇ ಕಡಿಮೆ. ರನ್‌ವೇ ಒದ್ದೆಯಾಗಿರುವುದು ಬೇರೆ, ನೀರು ನಿಂತಿರುವುದು ಬೇರೆ. ನೀರಿನ ಆಳ 3 ಮಿಲಿಮೀಟರ್ ದಾಟಿದರೆ ನಿಂತ ನೀರು ಅನ್ನುತ್ತಾರೆ. 2021ರ ನವೆಂಬರ್‌ನಿಂದ ಜಗತ್ತಿನಾದ್ಯಂತ ರನ್‌ವೇ ಸ್ಥಿತಿಯನ್ನು 6ರಿಂದ 0ವರೆಗಿನ ಅಂಕಿಯಲ್ಲಿ ಹೇಳುವ ಪದ್ಧತಿ ಬಂದಿದೆ. ಒಣ ರನ್‌ವೇಗೆ 6, ಒದ್ದೆಗೆ 5. ನೀರು ನಿಂತರೆ ನೇರ 2. ಐದರಿಂದ ಎರಡಕ್ಕೆ ಬೀಳಲು ಕೆಲವೇ ನಿಮಿಷದ ಜೋರು ಮಳೆ ಸಾಕು.

ನಿಂತ ನೀರಿನಲ್ಲಿ ಟೈರ್ ರನ್‌ವೇ ಮುಟ್ಟದೆ ನೀರಿನ ಮೇಲೆ ತೇಲಬಹುದು. ತೇಲಲು ಶುರುವಾಗುವ ವೇಗಕ್ಕೆ ಹಳೆಯ, ಸರಳ ಸೂತ್ರ ಒಂದಿದೆ: V = 9 × √P. ಟೈರಿನ ಒತ್ತಡ 200 ಪಿಎಸ್‌ಐ ಇದ್ದರೆ ಉತ್ತರ ಸುಮಾರು 127 ನಾಟ್, ಅಂದರೆ ಗಂಟೆಗೆ ಸುಮಾರು 235 ಕಿಲೋಮೀಟರ್. ಎ320ಯಂಥ ವಿಮಾನ ನೆಲ ಮುಟ್ಟುವುದು ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ, ಎಷ್ಟೋ ಸಲ ಅದಕ್ಕಿಂತ ಜೋರಾಗಿ. ಅಂದರೆ ಇಳಿದ ಮೊದಲ ಕೆಲವು ಸೆಕೆಂಡು ಬ್ರೇಕ್ ಒತ್ತಿದರೂ ಹಿಡಿತ ಇಲ್ಲದಿರಬಹುದು. ಅದರ ಮೇಲೆ ಅಡ್ಡಗಾಳಿ ಬೀಸಿದರೆ ಇನ್ನೂ ಕಷ್ಟ. ಎ320ಗೆ ಒಣ ರನ್‌ವೇಯಲ್ಲಿ 38 ನಾಟ್ ಅಡ್ಡಗಾಳಿಯವರೆಗೆ ಇಳಿಯಬಹುದು, ನೀರು ನಿಂತರೆ ಆ ಮಿತಿ ಸುಮಾರು 20ಕ್ಕೆ ಇಳಿಯುತ್ತದೆ.

ಅದಕ್ಕೇ ಮುಂಗಾರಿನಲ್ಲಿ ಕಾಯುವುದು, ಡೈವರ್ಟ್ ಮಾಡುವುದು ಎರಡೂ ಬೆರೆತಿರುತ್ತವೆ. ಮಳೆಯ ಅಲೆ ದಾಟಿ 15 ನಿಮಿಷ ಬಿಡುವು ಸಿಗುವಂತಿದ್ದರೆ, ನೀರು ಹರಿದುಹೋಗುವ ರನ್‌ವೇ ಆಗಿದ್ದರೆ, ಸುತ್ತುತ್ತಾರೆ. ರನ್‌ವೇ ಗಿಡ್ಡವಿದ್ದು ನೀರು ನಿಲ್ಲುವ ಜಾಗವಾದರೆ ಬೇಗ ಬಿಟ್ಟು ಹೋಗುತ್ತಾರೆ. ಒಂದೇ ಮಳೆಯಲ್ಲಿ ಒಂದು ವಿಮಾನ ಇಳಿದು, ಹಿಂದೆಯೇ ಬಂದದ್ದು ಮೇಲೇರಿ ಹೋದರೆ ಎರಡನೆಯ ಪೈಲಟ್ ಹೆದರಿದ ಅಂತ ಅಂದುಕೊಳ್ಳಬೇಡಿ. ಆ ನಾಲ್ಕು ನಿಮಿಷದಲ್ಲಿ ಅಂಕಿ 5ರಿಂದ 2 ಆಗಿರಬಹುದು. ಅಥವಾ ಆ ವಿಮಾನ ಹೆಚ್ಚು ಭಾರ ಇರಬಹುದು.

ಇನ್ನೊಂದು ಸಣ್ಣ ವಿಷಯ. ಹತ್ತಿರದಲ್ಲೇ ಮಿಂಚು ಹೊಡೆಯುತ್ತಿದ್ದರೆ ನೆಲದ ಸಿಬ್ಬಂದಿ ಹೊರಗೆ ಬರುವುದಿಲ್ಲ. ಇಂಧನ ಹಾಕುವುದಿಲ್ಲ, ಸಾಮಾನು ಇಳಿಸುವುದಿಲ್ಲ. ವಿಮಾನ ಚೆನ್ನಾಗಿ ಇಳಿದ ಮೇಲೂ ಒಳಗೇ ಕೂತಿರಬೇಕಾಗುವುದು ಹೀಗೆ. ಬೈಯುವ ಮುಂಚೆ ಕಿಟಕಿಯಿಂದ ಹೊರಗೆ ನೋಡಿ.

ಚಂಡಮಾರುತ: ಮೊದಲೇ ರದ್ದು

ಚಂಡಮಾರುತ ದಿನಗಳ ಮೊದಲೇ ಹೇಳಿ ಬರುತ್ತದೆ. ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಇರುತ್ತದೆ. ಯಾವ ವಿಮಾನದ ಟ್ಯಾಂಕಿಗೂ ಅಷ್ಟು ಹೊತ್ತು ಇಲ್ಲ. ಸುತ್ತುವ ಮಾತೇ ಬರುವುದಿಲ್ಲ. ಇಲ್ಲಿ ತೀರ್ಮಾನ ಕ್ಯಾಪ್ಟನ್ ಕೈಯಲ್ಲೂ ಇಲ್ಲ, ಕಂಪನಿಯ ಕಾರ್ಯಾಚರಣೆ ಕೇಂದ್ರ ಮತ್ತು ನಿಲ್ದಾಣದ ಕೈಯಲ್ಲಿರುತ್ತದೆ.

2024ರ ಮೇ 26ರಂದು ರೆಮಲ್ ಚಂಡಮಾರುತ ಬರುತ್ತಿದ್ದಾಗ ಕೋಲ್ಕತ್ತ ನಿಲ್ದಾಣ ಮಧ್ಯಾಹ್ನ 12ರಿಂದ ಮರುದಿನ ಬೆಳಿಗ್ಗೆ 9ರವರೆಗೆ, 21 ಗಂಟೆ ವಿಮಾನ ನಿಲ್ಲಿಸುವುದಾಗಿ ಹಿಂದಿನ ದಿನವೇ ಹೇಳಿತ್ತು. ಹೀಗೆ ಮೊದಲೇ ಗೊತ್ತಾದರೆ ಕಂಪನಿಗಳು ವಿಮಾನಗಳನ್ನು ಬೇರೆ ಊರಿಗೆ ಸಾಗಿಸುತ್ತವೆ. ನೆಲದಲ್ಲಿ ನಿಂತ ವಿಮಾನಕ್ಕೂ ಗಾಳಿಯಿಂದ ಪೆಟ್ಟು ಬೀಳುತ್ತದೆ. ಏಣಿ, ಗಾಡಿ, ಡಬ್ಬ ಎಲ್ಲ ಹಾರಿ ಬಂದು ಹೊಡೆಯುತ್ತವೆ.

ಚಂಡಮಾರುತದ ಕಣ್ಣು ಎಲ್ಲಿ ದಡ ಮುಟ್ಟುತ್ತದೆ ಅನ್ನುವುದನ್ನು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ದಡ ಮುಟ್ಟಿದ್ದು ಆಂಧ್ರದ ಬಾಪಟ್ಲ ಹತ್ತಿರ, ಡಿಸೆಂಬರ್ 5ಕ್ಕೆ. ಆದರೆ ಅದಕ್ಕೂ ಒಂದು ದಿನ ಮೊದಲೇ ಅದರ ಮಳೆಗೆ ಚೆನ್ನೈ ನಿಲ್ದಾಣದ ರನ್‌ವೇಯಲ್ಲಿ ನೀರು ತುಂಬಿ, ವಿಮಾನ ಸಂಚಾರವೇ ನಿಂತಿತ್ತು. ಆ ಊರಿಗೆ ಪೆಟ್ಟು ಕೊಟ್ಟದ್ದು ನೀರು.

ಆಕಾಶ ತಿಳಿಯಾದರೂ ರದ್ದು ಯಾಕೆ?

ಮತ್ತೆ ನಮ್ಮ ಎ320ಗೆ ಬರೋಣ. 6:50ಕ್ಕೆ ಆಲ್ಟರ್ನೇಟ್‌ನಲ್ಲಿ ಇಳಿಯಿತು. 7:15ಕ್ಕೆ ಮೂಲ ನಿಲ್ದಾಣ ತೆರೆಯಿತು. ಇಂಧನ ಹಾಕಿಸಿ, ಕಾಗದ ಮುಗಿಸಿ, ಎಟಿಸಿಯಿಂದ ಹೊರಡುವ ಸಮಯ ಪಡೆಯುವಾಗ 8:40. ವಾಪಸ್ ಇಳಿದಾಗ 9:20. ಆ ವಿಮಾನ, ಅದೇ ಪೈಲಟ್‌ಗಳು 7 ಗಂಟೆಗೆ ಇನ್ನೊಂದು ಊರಿಗೆ ಹೋಗಿ ಮಧ್ಯರಾತ್ರಿಯೊಳಗೆ ಬರಬೇಕಿತ್ತು. ಈಗ ಹೊರಟರೆ ಬರುವಾಗ ಬೆಳಗಿನ ಜಾವ 2 ದಾಟುತ್ತದೆ. ಪೈಲಟ್‌ಗಳು ಡ್ಯೂಟಿಗೆ ಬಂದದ್ದು ಮಧ್ಯಾಹ್ನ 1ಕ್ಕೆ, ಅವರ ಮಿತಿ 12 ಗಂಟೆ ಅಂತಿಟ್ಟುಕೊಳ್ಳಿ. ದೇಶ, ಶುರುವಾದ ಸಮಯ, ಎಷ್ಟು ಸಲ ಇಳಿದರು ಅನ್ನುವುದರ ಮೇಲೆ ಈ ಮಿತಿ ಬದಲಾಗುತ್ತದೆ. ಡೈವರ್ಟ್‌ನಿಂದ ಒಂದು ಇಳಿತ ಹೆಚ್ಚಾದ್ದರಿಂದ ಅದು ಇನ್ನೂ ಕಡಿಮೆಯಾಗಬಹುದು. ಬೇರೆ ಪೈಲಟ್‌ಗಳು ಸಿಗದಿದ್ದರೆ ಹೋಗಿಬರುವ ಎರಡೂ ಹಾರಾಟ ರದ್ದು.

ಸಾಮಾನ್ಯವಾಗಿ ರದ್ದು ಹೀಗೆ ಜೋಡಿಯಲ್ಲೇ ಆಗುತ್ತದೆ. ಒಂದನ್ನು ಮಾತ್ರ ಬಿಟ್ಟರೆ ರಾತ್ರಿ ವಿಮಾನ ತಪ್ಪು ಊರಿನಲ್ಲಿ ಮಲಗುತ್ತದೆ, ಮರುದಿನದ ಎಲ್ಲ ಹಾರಾಟ ಕೆಡುತ್ತದೆ. ಆ ಎರಡನೇ ಊರಿನಲ್ಲಿ ಕಾಯುತ್ತಿದ್ದವರಿಗೆ ಒಂದು ಹನಿ ಮಳೆಯೂ ಕಂಡಿರುವುದಿಲ್ಲ. ಹವಾಮಾನದಿಂದ ರದ್ದು ಅಂತ ಮೆಸೇಜ್ ಬಂದರೆ ಸುಳ್ಳು ಅನ್ನಿಸುತ್ತದೆ, ಆದರೆ ನಿಜ.

ಹಾಗಾಗಿ ನೀವು ಕಾಯುತ್ತಿರುವಾಗ ಮಳೆಗಿಂತ ಹೆಚ್ಚಾಗಿ ಬರುವ ವಿಮಾನವನ್ನು ನೋಡಿ. ವಿಮಾನಗಳ ಚಲನೆ ತೋರಿಸುವ ಆ್ಯಪ್‌ನಲ್ಲಿ ಅದು ಇನ್ನೂ ಸುತ್ತುತ್ತಿದ್ದರೆ ಸ್ವಲ್ಪ ತಡ, ಅಷ್ಟೇ. ಬೇರೆ ಊರಿನಲ್ಲಿ ಇಳಿದಿದ್ದರೆ ಕಡಿಮೆಯೆಂದರೂ ಎರಡು ಮೂರು ಗಂಟೆ. ಅದು ದಿನದ ಕೊನೆಯ ಹಾರಾಟವಾಗಿದ್ದು, ಹೊರಡುವ ಸಮಯ ಅರ್ಧರ್ಧ ಗಂಟೆ ಮುಂದಕ್ಕೆ ಹೋಗುತ್ತಲೇ ಇದ್ದರೆ ಡ್ಯೂಟಿ ಮಿತಿ ಹತ್ತಿರ ಬರುತ್ತಿದೆ ಅಂತ ತಿಳಿಯಿರಿ. ಆಗಲೇ ಬೇರೆ ವಿಮಾನದಲ್ಲಿ ಸೀಟು ಇದೆಯಾ ಅಂತ ನೋಡಿಕೊಳ್ಳುವುದು ಒಳ್ಳೆಯದು, ರದ್ದಾದ ಮೇಲೆ ಎಲ್ಲರೂ ಅದೇ ಸೀಟಿಗೆ ಮುಗಿಬೀಳುತ್ತಾರೆ.

ಚಂಡಮಾರುತದ ಸಮಯದಲ್ಲಿ ತಾರೀಖು ಬದಲಾಯಿಸಿಕೊಳ್ಳಿ ಅಂತ ಕಂಪನಿ ಹೇಳಿದರೆ ನಿಲ್ದಾಣ ತೆರೆಯುವ ಬೆಳಗಿನ ಮೊದಲ ಹಾರಾಟಕ್ಕೆ ಹೋಗಬೇಡಿ. ವಿಮಾನಗಳೆಲ್ಲ ಬೇರೆ ಊರಿನಲ್ಲಿರುತ್ತವೆ, ಅವು ಮೊದಲು ವಾಪಸ್ ಬರಬೇಕು. ಅದೇ ದಿನ ಸಂಜೆಯದ್ದೋ ಮರುದಿನದ್ದೋ ತೆಗೆದುಕೊಂಡರೆ ಸಮಯಕ್ಕೆ ಹೊರಡುವ ಸಾಧ್ಯತೆ ಜಾಸ್ತಿ.